ದಾರದುಂಡೆಯಲ್ಲಿ ಎಳ್ಳುಂಡೆ ಸಿಗುತ್ತಾ?

ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇತ್ತು. ಅಂಗಡಿಯ ವಾಟ್ಸ್ಯಾಪ್ ನಂಬರಿಗೆ ಒಂದು ಮೆಸೇಜ್ ಬಂತು. "ಮೇಡಂ, ಎಳ್ಳುಂಡೆ ಅರ್ಧ ಕೆಜಿ ಎಷ್ಟು? ಹುಬ್ಬಳ್ಳಿಗೆ ಕಳಿಸ್ತೀರಾ?" ನಾನು ಮಾರುತ್ತಿದ್ದದ್ದು ಕ್ರೋಶಾ ಕಡ್ಡಿಯಲ್ಲಿ ಹೆಣೆದ ಕೀಚೈನು, ಮಗುವಿನ ಕಾಲುಚೀಲ, ಬಾಗಿಲ ತೋರಣ. ನಂಬರ್ ತಪ್ಪಿರಬೇಕು ಅಂತ ಬರೆದೆ. ಅವರು ನನ್ನದೇ ಪುಟದ ಸ್ಕ್ರೀನ್‌ಶಾಟ್ ಕಳಿಸಿದರು. ಮೇಲೆ ದೊಡ್ಡದಾಗಿ ನಾನೇ ಬರೆದಿದ್ದ ಹೆಸರು: ದಾರದುಂಡೆ. ಅವರ ಕಣ್ಣಿಗೆ ಬಿದ್ದದ್ದು ಉಂಡೆ ಮಾತ್ರ.

ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ಹಳೆಯ ಮೆಸೇಜುಗಳನ್ನು ಸುಮ್ನೆ ಮೇಲೆ ಮೇಲೆ ಎಳೆಯುತ್ತಾ ಹೋದಾಗ ನಗು ಕಡಿಮೆಯಾಯಿತು. ಉಲ್ಲನ್ ಉಂಡೆ ಯಾವ ಯಾವ ಬಣ್ಣದಲ್ಲಿದೆ ಅಂತ ಕೇಳಿದವರು ಎಷ್ಟೋ ಜನ. ಹೊಲಿಗೆ ದಾರದ ಹೋಲ್‌ಸೇಲ್ ರೇಟ್ ಕೇಳಿದ ಒಬ್ಬ ಟೈಲರ್ ಇದ್ದರು. ಇವರೆಲ್ಲ ನನ್ನ ಗಿರಾಕಿಗಳಲ್ಲ. ನಿಜವಾದ ಗಿರಾಕಿಗಳು, ಅಂದರೆ ನಾಮಕರಣಕ್ಕೋ ಗೃಹಪ್ರವೇಶಕ್ಕೋ ಕೈಯಲ್ಲಿ ಮಾಡಿದ ಚಂದದ ವಸ್ತು ಹುಡುಕುವವರು, ಈ ಹೆಸರು ನೋಡಿ ದಾರದ ಅಂಗಡಿ ಅಂದುಕೊಂಡು ಸುಮ್ಮನೆ ಮುಂದೆ ಹೋಗಿರುತ್ತಾರೆ. ಹಾಗೆ ಹೋದವರು ಮೆಸೇಜ್ ಮಾಡುವುದಿಲ್ಲ. ಅದಕ್ಕೇ ಅವರ ಲೆಕ್ಕ ನನಗೆ ಯಾವತ್ತೂ ಸಿಗಲಿಲ್ಲ.

ಹೆಸರಿಟ್ಟಾಗ ಅದು ಕೆಟ್ಟ ಹೆಸರಾಗಿರಲಿಲ್ಲ ಅಂತ ಈಗಲೂ ಹೇಳುತ್ತೇನೆ. ಮಾರುತ್ತಿದ್ದದ್ದೆಲ್ಲ ದಾರದ್ದೇ. ಶಿವಮೊಗ್ಗದ ಮನೆಯ ಹಾಲಿನಲ್ಲಿ ಒಂದು ಬುಟ್ಟಿ ಉಲ್ಲನ್, ಮೂರು ಕಡ್ಡಿ, ಒಂದು ಫೋನು, ಇಷ್ಟೇ ಅಂಗಡಿ. ಕಷ್ಟ ಶುರುವಾದದ್ದು ಎರಡನೇ ವರ್ಷ. ಒಂದು ಸೀಮಂತಕ್ಕೆ ನಲವತ್ತು ಜನಕ್ಕೆ ಕೊಡಲು ಬೇಕು ಅಂದರು. ನಲವತ್ತು ಹೆಣೆಯಲು ನನ್ನ ಕೈಯಲ್ಲಿ ಆಗುವುದಿಲ್ಲ. ಹಾಗಾಗಿ ಅರ್ಧ ಕ್ರೋಶಾ, ಅರ್ಧ ಬಣ್ಣ ಹಚ್ಚಿದ ಹಣತೆ ಅಂತ ಒಪ್ಪಿಸಿದೆ. ಹಣತೆ ಚೆನ್ನಾಗಿ ಹೋಯಿತು. ಆಮೇಲೆ ಸಾಗರದ ಕಡೆಯಿಂದ ಗುಡಿಗಾರರ ಮರದ ಕೆತ್ತನೆಯ ಸಣ್ಣ ಡಬ್ಬಿಗಳು, ಅಡಿಕೆ ಹಾಳೆಯ ಪೆಟ್ಟಿಗೆ, ಕೊನೆಗೆ ಚಿತ್ತಾರದ ಬುಟ್ಟಿ.

ಬುಟ್ಟಿಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಅಂತ ಅದಕ್ಕೆ ಹೆಸರು. ಅಂಥದ್ದೇ ಗೆರೆಗಳಿರುವ ಅಂಗೈಯಗಲದ ಬುಟ್ಟಿ ಮಾಡಿಕೊಡಿ ಅಂತ ಒಬ್ಬ ಅಕ್ಕನನ್ನು ಕೇಳಿದೆ. ಮಾಡಿಕೊಟ್ಟರು. ನಾನು ಅದರ ಹಿಡಿಗೆ ನನ್ನ ಟ್ಯಾಗ್ ಕಟ್ಟುತ್ತಿದ್ದಾಗ ಪಕ್ಕದಲ್ಲೇ ಕೂತು ನೋಡಿದರು. ಟ್ಯಾಗ್ ಓದಿ, "ಇದ್ರಲ್ಲಿ ದಾರ ಎಲ್ಲಿದೆ ತಂಗಿ?" ಅಂದರು. ಟ್ಯಾಗ್ ಕಟ್ಟಿದ್ದ ದಾರ ಬಿಟ್ಟರೆ ಅದರಲ್ಲಿ ದಾರ ಇರಲಿಲ್ಲ. ಗಿರಾಕಿಗೆ ಗೊಂದಲ ಆಗುವುದು ಒಂದು ಕಡೆ. ಮಾಡಿದವರಿಗೆ ತಮ್ಮ ಕೆಲಸ ಬೇರೆ ಯಾವುದೋ ಅಂಗಡಿಯ ಮೂಲೆಯಲ್ಲಿ ಕೂತ ಹಾಗೆ ಅನ್ನಿಸುವುದು ಇನ್ನೊಂದು ಕಡೆ. ಎರಡನೆಯದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹೆಸರು ಬದಲಿಸಬೇಕು ಅಂತ ತೀರ್ಮಾನಿಸಿದ ಮೇಲೆ ಆರು ತಿಂಗಳು ಹೋಯಿತು. ಆ ಆರು ತಿಂಗಳಲ್ಲಿ ಕಲಿತದ್ದೇ ಈ ಬರಹ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಈಗ ಮಾರುವ ವಸ್ತುಗಳನ್ನು ಬರೆದೆ. ಬಲಗಡೆ, ಮೂರು ವರ್ಷ ಬಿಟ್ಟು ಮಾರಬಹುದಾದದ್ದನ್ನು ಬರೆದೆ, ಸ್ವಲ್ಪ ನಾಚಿಕೆ ಬಿಟ್ಟೇ ಬರೆದೆ: ಮೇಣದ ಬತ್ತಿ, ಸೋಪು, ಮಕ್ಕಳ ಮರದ ಆಟಿಕೆ, ಕೌದಿ, ಉಪ್ಪಿನಕಾಯಿ ಬಾಟಲಿ, ಭಾನುವಾರದ ಕ್ರೋಶಾ ಕ್ಲಾಸು. ಆಮೇಲೆ ಪ್ರತಿ ಹೆಸರನ್ನೂ ಈ ಪಟ್ಟಿಯ ಮುಂದಿಟ್ಟು ಗಟ್ಟಿಯಾಗಿ ಓದಿದೆ. "ದಾರದುಂಡೆಯ ಸೋಪು." ಕೇಳಿದರೆ ಸೋಪಿನಲ್ಲಿ ನೂಲು ಸಿಕ್ಕ ಹಾಗಾಗುತ್ತದೆ! ಹೆಸರಿಗೆ ವಿಭಕ್ತಿ ಹಚ್ಚಿ ಓದುವುದು ಕನ್ನಡದ ಮಟ್ಟಿಗೆ ಬಹಳ ಒಳ್ಳೆಯ ಪರೀಕ್ಷೆ. ಯಾಕೆಂದರೆ ನಾವು ಅಂಗಡಿಯ ಹೆಸರನ್ನು ಬರಿದೇ ಹೇಳುವುದು ಕಡಿಮೆ. ಅಲ್ಲಿಂದ ತರಿಸಿದೆ, ಅದರಲ್ಲಿ ನೋಡು, ಅವರದ್ದು ಚೆನ್ನಾಗಿದೆ, ಹೀಗೇ ಮಾತಾಡುವುದು. ಬಾಲ ಹಚ್ಚಿದಾಗ ನಾಲಿಗೆ ತೊಡರಿದರೆ ಆ ಹೆಸರನ್ನು ಜನ ಬಾಯಿಂದ ಬಾಯಿಗೆ ದಾಟಿಸುವುದಿಲ್ಲ.

ಈ ಪಟ್ಟಿ ಓದುತ್ತಾ ಓದುತ್ತಾ ಒಂದು ಗೊತ್ತಾಯಿತು. ಹೆಸರು ಕಟ್ಟಿಹಾಕುವುದು ವಸ್ತುವಿನಿಂದ ಮಾತ್ರ ಅಲ್ಲ. ದಾರ ಅನ್ನುವುದು ಸಾಮಗ್ರಿ. ಕ್ರೋಶಾ, ಕಸೂತಿ ಅನ್ನುವುದು ಕೆಲಸದ ಬಗೆ. ಇವೆರಡು ಬೇಡ ಅಂತ ಯಾರಿಗಾದರೂ ಬೇಗ ಹೊಳೆಯುತ್ತದೆ. ಆದರೆ ಸಂದರ್ಭವೂ ಕಟ್ಟಿಹಾಕುತ್ತದೆ, ಅದು ಅಷ್ಟು ಬೇಗ ಕಾಣುವುದಿಲ್ಲ. ನನ್ನ ಮೊದಲ ಆಯ್ಕೆ ಉಡುಗೊರೆ ಅನ್ನುವ ಪದ ಇರುವ ಹೆಸರು. ಎಲ್ಲವೂ ಉಡುಗೊರೆಯೇ ತಾನೆ, ಅದಕ್ಕಿಂತ ಅಗಲವಾದ ಪದ ಎಲ್ಲಿದೆ ಅಂದುಕೊಂಡಿದ್ದೆ. ನನ್ನ ಆರ್ಡರ್ ಪುಸ್ತಕ ಬೇರೆ ಹೇಳಿತು. ಅಲ್ಲಿ ಎರಡನೇ ಸಲ ಬಂದವರಲ್ಲಿ ತುಂಬ ಜನ ತಮಗೇ ಕೊಂಡಿದ್ದರು. ಮೊದಲು ತಂಗಿಗೆ ಕೊಡಲು ತೋರಣ ತಗೊಂಡರು, ಆಮೇಲೆ ತಮ್ಮ ಬಾಗಿಲಿಗೂ ಒಂದು. ಬೋರ್ಡಿನ ಮೇಲೆ ಉಡುಗೊರೆ ಅಂತಿದ್ದರೆ ತನ್ನ ಮನೆಗೆ ತಗೊಳ್ಳಲು ಬರುವವರು ಒಂದು ಕ್ಷಣ ಹಿಂಜರಿಯುತ್ತಾರೆ.

ಬಾಗಿನ ಅನ್ನುವ ಪದ ನಮ್ಮತ್ತೆಗೆ ಬಹಳ ಇಷ್ಟವಾಗಿತ್ತು. ಕೇಳಲು ಚೆನ್ನಾಗಿದೆ, ಆದರೆ ಅದರ ಜೊತೆಗೆ ಮೊರ, ಅರಿಶಿನ ಕುಂಕುಮ, ಗೌರಿ ಹಬ್ಬ ಎಲ್ಲವೂ ಬರುತ್ತದೆ. ಗಂಡಸರಿಗೆ, ಬೇರೆ ಧರ್ಮದವರಿಗೆ, ಆಫೀಸಿನಲ್ಲಿ ಬೀಳ್ಕೊಡುಗೆಗೆ ಕೊಳ್ಳುವವರಿಗೆ ಅದು ಹೊರಗಿನ ಹೆಸರು. ಮಡಿಲು ಅಂತಲೂ ಯೋಚಿಸಿದೆ. ಮಡಿಲು ತುಂಬುವುದು, ಮಡಿಲಕ್ಕಿ, ಎಷ್ಟು ಹಿತವಾದ ಪದ! ನಮ್ಮ ಪಕ್ಕದ ಮನೆಯ ನರ್ಸ್ ಒಬ್ಬರು ಒಂದೇ ಮಾತಿನಲ್ಲಿ ಅದನ್ನು ಮುಗಿಸಿದರು. "ಮಡಿಲು ಕಿಟ್ ಕೊಡ್ತೀರಾ ಈಗ?" ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ಕೊಡುತ್ತಿದ್ದ ಕಿಟ್ಟಿನ ಹೆಸರು ಅದು. ಕರ್ನಾಟಕದಲ್ಲಿ ಆ ಪದದ ಜೊತೆ ಮಗುವಿನ ಸೊಳ್ಳೆ ಪರದೆಯೂ ನೆನಪಿಗೆ ಬರುತ್ತದೆ. ಪದಕೋಶದಲ್ಲಿರುವ ಅರ್ಥ ಬೇರೆ, ಜನರ ತಲೆಯಲ್ಲಿ ಆಗಲೇ ಕೂತಿರುವ ಅರ್ಥ ಬೇರೆ.

ಊರಿನ ಹೆಸರೂ ಬೇಲಿಯೇ. ಮಲೆನಾಡು ಅಂತ ಸೇರಿಸಿದರೆ ಕಿನ್ನಾಳದ ಗೊಂಬೆ ತರಿಸಿ ಮಾರಿದಾಗ ಏನು ಹೇಳುವುದು? ಚನ್ನಪಟ್ಟಣದಂಥ ಹೆಸರನ್ನು ಬಳಸುವುದಂತೂ ಇನ್ನೂ ಸೂಕ್ಷ್ಮ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಿಕೆ ಅಂದರೆ ಜಿಐ ಟ್ಯಾಗ್ ಇದೆ. ಅಲ್ಲಿಯದ್ದಲ್ಲದ ಆಟಿಕೆಯನ್ನೂ ಆ ಹೆಸರಿನ ಬೋರ್ಡಿನ ಕೆಳಗೆ ಮಾರಿದರೆ ಕಾನೂನಿನ ತೊಂದರೆಯನ್ನು ನಾವೇ ಮನೆಗೆ ಕರೆದ ಹಾಗೆ.

ಹಾಗಾದರೆ ಮಗಳ ಹೆಸರಿನ ಮುಂದೆ ಕ್ರಿಯೇಷನ್ಸ್ ಅಂತ ಹಾಕಿಬಿಡು ಅಂದರು ನಮ್ಮ ಮನೆಯವರು. ಹಿಗ್ಗುವ ಹೆಸರು ಅದು, ಒಪ್ಪುತ್ತೇನೆ. ಸೋಪೂ ಮಾರಬಹುದು, ಸೋಫಾನೂ ಮಾರಬಹುದು. ಆದರೆ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಪ್ರತಿ ಬಡಾವಣೆಯಲ್ಲಿ ಒಂದು ಬ್ಲೌಸ್ ಹೊಲಿಯುವ ಅಂಗಡಿಗೆ ಅಂಥದ್ದೇ ಹೆಸರಿರುತ್ತದೆ. ಅಲ್ಲದೆ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಚಿಕ್ಕವಳು ಆಗಲೇ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅಗಲ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಇದರ ನಡುವೆ ನನಗೆ ದಾರಿ ತೋರಿಸಿದ್ದು ಬೆಂಗಳೂರಿನ ಎಂ.ಜಿ. ರಸ್ತೆಯ ಒಂದು ಬೋರ್ಡು. ನಮ್ಮ ರಾಜ್ಯದ ಕರಕುಶಲ ನಿಗಮದ ಮಳಿಗೆಯ ಹೆಸರು ಕಾವೇರಿ. ಒಳಗೆ ಶ್ರೀಗಂಧದ ಕೆತ್ತನೆ, ಬಿದರಿ ಹೂಜಿ, ಚನ್ನಪಟ್ಟಣದ ಗೊಂಬೆ, ಬೀಟೆ ಮರದ ಕೆತ್ತು ಕೆಲಸ ಎಲ್ಲ ಇದೆ. ಹೆಸರಿನಲ್ಲಿ ಇವ್ಯಾವುವೂ ಇಲ್ಲ, ಒಂದು ನದಿ ಇದೆ ಅಷ್ಟೇ. ನಾಳೆ ಇನ್ನೊಂದು ಕಲೆ ಸೇರಿದರೂ ಬೋರ್ಡ್ ಬದಲಿಸಬೇಕಾಗಿಲ್ಲ. ಹಾಗಾದರೆ ಒಳಗೇನಿದೆ ಅಂತ ಹೊಸಬರಿಗೆ ಹೇಗೆ ಗೊತ್ತಾಗುತ್ತದೆ? ಹೆಸರಿನ ಜೊತೆಗೇ ಇರುವ ಇನ್ನೊಂದು ಸಾಲು ಆ ಕೆಲಸ ಮಾಡುತ್ತದೆ: ಕರ್ನಾಟಕ ರಾಜ್ಯ ಕಲೆ ಮತ್ತು ಕರಕುಶಲ ಮಳಿಗೆ. ಅಮೆಜಾನ್ ಕೂಡ 1995ರಲ್ಲಿ ಬರೀ ಪುಸ್ತಕ ಮಾರಲು ಶುರು ಮಾಡಿದ್ದು, ಅದೂ ನದಿಯ ಹೆಸರೇ. ಪುಸ್ತಕ ಅನ್ನುವ ಪದ ಹೆಸರಿನೊಳಗೆ ಕೂತಿದ್ದರೆ ಪ್ರೆಶರ್ ಕುಕ್ಕರ್ ಮಾರುವಾಗ ಅವರಿಗೂ ನನ್ನ ಪಾಡೇ.

ಅಂದರೆ ನಾನು ಒಂದೇ ಪದದ ಮೇಲೆ ಎರಡು ಕೆಲಸ ಹೇರಿದ್ದೆ. ಯಾರು ಅಂತಲೂ ಅದೇ ಹೇಳಬೇಕು, ಏನು ಮಾರುತ್ತಾರೆ ಅಂತಲೂ ಅದೇ ಹೇಳಬೇಕು. ಎರಡನೆಯದನ್ನು ಹೆಸರಿನ ಕೆಳಗಿನ ಸಾಲಿಗೆ ಇಳಿಸಿದರೆ ಹೆಸರಿಗೆ ಉಸಿರಾಡಲು ಜಾಗ ಸಿಗುತ್ತದೆ. ಕೆಳಗಿನ ಸಾಲನ್ನು ವರ್ಷಕ್ಕೊಮ್ಮೆ ಬದಲಿಸಿದರೂ ಯಾರೂ ಕೇಳುವುದಿಲ್ಲ. ಇವತ್ತು "ಕೈಯಲ್ಲಿ ಹೆಣೆದ ಉಡುಗೊರೆಗಳು" ಅಂತಿರಲಿ, ನಾಳೆ ಹೆಣೆದ ಅನ್ನುವುದನ್ನು ತೆಗೆದು ಮಾಡಿದ ಅಂತ ಹಾಕಿದರಾಯಿತು.

ಇನ್ನು ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಗೋಳು. ಗಿರಾಕಿ ಕೇಳುವುದು ಕನ್ನಡದಲ್ಲಿ, ಟೈಪ್ ಮಾಡುವುದು ಇಂಗ್ಲಿಷ್ ಕೀಬೋರ್ಡಿನಲ್ಲಿ. ದಾರದುಂಡೆಯನ್ನು ಜನ `daradunde`, `daaradunde`, `dharadunde`, `daarada unde` ಅಂತ ನಾಲ್ಕು ಥರ ಹುಡುಕುತ್ತಿದ್ದರು. ದಾರ ಹೋಗಿ ಧಾರೆಯಾಗುತ್ತಿತ್ತು. ಸಂಧಿ ಇದ್ದದ್ದು ಇನ್ನೊಂದು ತೊಡಕು, ದಾರದ ಮತ್ತು ಉಂಡೆ ಎಲ್ಲಿ ಸೇರಿತು ಅಂತ ಕನ್ನಡ ಬಾರದ ಕೊರಿಯರ್ ಹುಡುಗನಿಗೆ ತಿಳಿಯುವುದು ಹೇಗೆ? ಕಲೆ ಅನ್ನುವ ಪದ ಇರಲಿ ಅಂದಳು ಗೆಳತಿ. ಕನ್ನಡದಲ್ಲೇ ಅದು ಬಟ್ಟೆಯ ಮೇಲಿನ ಕಲೆಯೂ ಹೌದು. ಇಂಗ್ಲಿಷಿನಲ್ಲಿ `kale` ಅಂತ ಬರೆದರೆ ಗದ್ದೆಯ ಕಳೆಯೂ ಅದೇ, ಸೂಪರ್ ಮಾರ್ಕೆಟಿನಲ್ಲಿ ಸಿಗುವ ಒಂದು ಸೊಪ್ಪೂ ಅದೇ. ನಾನೇ ಬಹಳ ಆಸೆಪಟ್ಟ ಎಳೆ ಅನ್ನುವ ಹೆಸರು `ele` ಆದ ಕೂಡಲೇ ಊಟದ ಎಲೆಯಾಯಿತು. ದೀರ್ಘ, ಮಹಾಪ್ರಾಣ, ಳ, ಣ ಇವು ನಾಲ್ಕೂ ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಬಿದ್ದುಹೋಗುತ್ತವೆ. ಇವಿಲ್ಲದ ಪದವಾದರೆ ಒಂದೇ ಸ್ಪೆಲ್ಲಿಂಗಿಗೆ ನಿಲ್ಲುವ ಸಾಧ್ಯತೆ ಜಾಸ್ತಿ.

ಅಂಡರ್‌ಸ್ಕೋರ್, ಹೈಫನ್ ಹಾಕಿ ಬಿಡಿಸಿದರಾಯಿತಲ್ಲ ಅನ್ನಬಹುದು. ವೆಬ್‌ಸೈಟ್ ವಿಳಾಸದಲ್ಲಿ ಹೈಫನ್ ನಡೆಯುತ್ತದೆ, ಅಂಡರ್‌ಸ್ಕೋರ್ ನಡೆಯುವುದಿಲ್ಲ. ಇನ್‌ಸ್ಟಾಗ್ರಾಂ ಹೆಸರಿನಲ್ಲಿ ಸರಿಯಾಗಿ ಇದರ ಉಲ್ಟಾ. ಬಿಡಿಸಿ ಬರೆಯಲೇಬೇಕಾದ ಹೆಸರಿಟ್ಟರೆ ಎರಡೂ ಕಡೆ ಒಂದೇ ಥರ ಬರೆಯಲು ಆಗುವುದೇ ಇಲ್ಲ.

ಬೇರೆ ಭಾಷೆಯವರ ಕಿವಿಗೂ ಹಾಕಿ ನೋಡಬೇಕು. ಗಂಟು ಅನ್ನುವ ಹೆಸರು ನನಗೆ ಎರಡು ವಾರ ಪಕ್ಕಾ ಆಗಿತ್ತು. ಹಳೆಯ ದಾರದ ನಂಟೂ ಇದೆ, ಬಟ್ಟೆಯಲ್ಲಿ ಕಟ್ಟಿಕೊಡುವ ಗಂಟೂ ಹೌದು, ಕೂಡಿಟ್ಟ ಆಸ್ತಿಯೂ ಹೌದು. ಬೆಂಗಳೂರಿನ ಗೆಳತಿಯ ಆಫೀಸಿನಲ್ಲಿ ಉತ್ತರದ ಕಡೆಯ ಒಬ್ಬರಿಗೆ ಹೇಳಿಸಿದೆ. ಅವರು ಬಾಯಿ ಮುಚ್ಚಿಕೊಂಡು ನಕ್ಕರಂತೆ. ಹಿಂದಿಯಲ್ಲಿ ಅದಕ್ಕೆ ತೀರಾ ಹತ್ತಿರದ ಶಬ್ದ ಕೆಟ್ಟ ಬೈಗುಳ. ಕುಸುರಿ ಅನ್ನುವುದಕ್ಕೆ ಜಪಾನಿನಲ್ಲಿರುವ ನಮ್ಮ ಭಾವನ ಮಗ ಫೋನ್ ಮಾಡಿ, "ಚಿಕ್ಕಮ್ಮ, ಇಲ್ಲಿ ಕುಸುರಿ ಅಂದ್ರೆ ಔಷಧಿ" ಅಂದ. ಜಪಾನಿಗೆ ನಾನು ತೋರಣ ಕಳಿಸುವ ದಿನ ದೂರ ಇದೆ, ಆದರೂ ಬಿಟ್ಟೆ, ಯಾಕೆಂದರೆ ಕುಸುರಿ ಅಂದರೆ ಸೂಕ್ಷ್ಮ ಕೆಲಸ ಅಂತಲೇ ಅರ್ಥ, ಅದರಲ್ಲಿ ಇನ್ನೊಂದು ತೊಡಕಿತ್ತು.

ಆ ತೊಡಕು ಟ್ರೇಡ್‌ಮಾರ್ಕಿನದ್ದು. ಮಾರುವ ವಸ್ತುವಿನ ಬಗೆ, ಗುಣ, ಉದ್ದೇಶ ಅಥವಾ ಊರನ್ನು ಮಾತ್ರ ಹೇಳುವ ಪದಗಳನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ ಸಾಮಾನ್ಯವಾಗಿ ನೋಂದಾಯಿಸುವುದಿಲ್ಲ. ಎಲ್ಲರೂ ಬಳಸಬೇಕಾದ ಪದವನ್ನು ಒಬ್ಬರಿಗೇ ಬರೆದುಕೊಡಲು ಆಗುವುದಿಲ್ಲ ಅನ್ನುವುದು ಕಾರಣ. ಕನ್ನಡದಲ್ಲಿದ್ದರೆ ತಪ್ಪಿಸಿಕೊಳ್ಳಬಹುದು ಅಂತೇನಿಲ್ಲ, ಅರ್ಜಿಯಲ್ಲಿ ಪದದ ಅರ್ಥವನ್ನೂ ಬರೆದುಕೊಡಬೇಕು. ನನಗೆ ತಮಾಷೆ ಅನ್ನಿಸಿದ್ದು ಇಲ್ಲಿ. ಅಂಗಡಿ ಬೆಳೆದಾಗ ಯಾವ ಹೆಸರು ಬಿಗಿಯಾಗುತ್ತದೋ, ಹೆಚ್ಚಾಗಿ ಅದೇ ಹೆಸರನ್ನು ಕಾನೂನೂ ನಮ್ಮದು ಅಂತ ಒಪ್ಪುವುದಿಲ್ಲ.

ಅರ್ಜಿ ಹಾಕುವಾಗ ಯಾವ ವರ್ಗದಲ್ಲಿ ಅನ್ನುವುದೂ ಮುಖ್ಯ. ಒಟ್ಟು 45 ವರ್ಗಗಳಿವೆ. ಆಭರಣ 14, ಕಾಗದದ ಸಾಮಾನು 16, ಆಟಿಕೆ 28, ಮೇಣದ ಬತ್ತಿ 4, ಸೋಪು 3. ನನ್ನಂಥವರು ಒಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದೊಂದು ವರ್ಗಕ್ಕೂ ₹4,500 ಸರ್ಕಾರಿ ಶುಲ್ಕ. ಐದು ವರ್ಗ ಅಂದರೆ ಅಲ್ಲೇ ₹22,500. ನನಗೆ ಸಲಹೆ ಕೊಟ್ಟ ವಕೀಲರು 35ನೇ ವರ್ಗದಿಂದ ಶುರು ಮಾಡಿ ಅಂದರು. ಅದು ಅಂಗಡಿ ನಡೆಸುವ ಸೇವೆಗೆ ಇರುವ ವರ್ಗ. ಬೇರೆ ಬೇರೆ ವಸ್ತುಗಳನ್ನು ಒಂದೆಡೆ ತಂದು ಮಾರುವವರಿಗೆ ಅದು ಹೊಂದುತ್ತದೆ. ಆದರೆ ಅಲ್ಲಿ ಏನೇನು ಮಾರುತ್ತೀರಿ ಅಂತ ಪಟ್ಟಿ ಬರೆಯುವಾಗ ಕೈ ಬಿಗಿ ಹಿಡಿಯಬಾರದು. ಅರ್ಜಿ ಹಾಕಿದ ಮೇಲೆ ಆ ಪಟ್ಟಿಯನ್ನು ಹಿಗ್ಗಿಸಲು ಬಿಡುವುದಿಲ್ಲ, ಹೊಸ ಅರ್ಜಿಯೇ ಹಾಕಬೇಕು. ನನ್ನ ನೋಟ್‌ಬುಕ್ಕಿನ ಬಲಗಡೆಯ ಪಟ್ಟಿ ಅಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಅರ್ಜಿ ಹಾಕುವ ಸರ್ಕಾರಿ ಸೈಟಿನಲ್ಲೇ ಆಗಲೇ ಇರುವ ಹೆಸರುಗಳನ್ನು ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು, ಉಚ್ಚಾರಣೆ ಹತ್ತಿರ ಇರುವುದನ್ನು ಹುಡುಕಲು ಬೇರೆಯೇ ಆಯ್ಕೆ ಇದೆ. ಕನ್ನಡ ಪದಗಳಿಗೆ ಅದು ತುಂಬ ಬೇಕು, ಮೇಲೆ ಹೇಳಿದ ನಾಲ್ಕು ಥರದ ಸ್ಪೆಲ್ಲಿಂಗಿನ ಕಾರಣಕ್ಕೆ.

ಕೊನೆಗೆ ನಿಂತ ಹೆಸರು ಅಂಗೈ. ಇದನ್ನು ಕೊಟ್ಟವರು ಬುಟ್ಟಿಯ ಅಕ್ಕನೇ, ಅವರಿಗೆ ಗೊತ್ತಿಲ್ಲದೆ. ಅಂಗೈಯಗಲದ ಬುಟ್ಟಿ ಅಂತ ನಾವಿಬ್ಬರೂ ಹೇಳಿ ಹೇಳಿ ಪದ ಕಿವಿಯಲ್ಲಿ ಉಳಿದಿತ್ತು. ಮಾಡುವುದೂ ಅಂಗೈಯೇ, ಕೊಡುವಾಗ ಚಾಚುವುದೂ ಅದೇ, ತಗೊಳ್ಳುವುದೂ ಅದೇ. ದಾರ, ಮಣ್ಣು, ಮರ ಯಾವುದನ್ನೂ ಅದು ಹೊರಗಿಡುವುದಿಲ್ಲ. ಮಹಾಪ್ರಾಣ ಇಲ್ಲ, ಳ, ಣ ಇಲ್ಲ, `angai` ಅಂತ ಐದೇ ಅಕ್ಷರ. ಫೋನಿನಲ್ಲಿ ಹೇಳಿ ಟೈಪ್ ಮಾಡಿಸಿದ ಎಂಟು ಜನರಲ್ಲಿ ಏಳು ಜನ ಸರಿಯಾಗಿ ಬರೆದರು. ಬೆಳಗಾವಿಯ ಒಬ್ಬ ಗಿರಾಕಿ, ಮರಾಠಿಯಲ್ಲಿ ಅಂಗಾಯಿ ಅಂದರೆ ಜೋಗುಳ ಅಂತ ಬರೆದರು. ಈ ಸಲ ಬೇರೆ ಭಾಷೆಯ ಅರ್ಥವೂ ನನ್ನ ಕಡೆಗಿತ್ತು.

ಇದಕ್ಕೂ ಬೇಲಿ ಇದೆ. ಮೆಷಿನ್ನಿನಲ್ಲಿ ಪ್ರಿಂಟ್ ಮಾಡಿಸಿದ ಮಗ್ ಮಾರಲು ಈ ಹೆಸರು ಬಿಡುವುದಿಲ್ಲ, ಮಾರಿದರೆ ಸುಳ್ಳಾಗುತ್ತದೆ. ಅಂಗೈಯಗಲ ಅಂದಾಗ ಚಿಕ್ಕದು ಅನ್ನುವ ಅರ್ಥವೂ ಬರುವುದರಿಂದ ಆರಡಿಯ ತೂಗುಯ್ಯಾಲೆಗೂ ಸರಿಹೋಗಲಿಕ್ಕಿಲ್ಲ. ಇವೆರಡನ್ನೂ ನಾನು ಮಾರುವುದಿಲ್ಲ ಅಂತ ತೀರ್ಮಾನಿಸಿ ಹೆಸರು ಇಟ್ಟದ್ದು. ಯಾವ ಕಡೆ ಬೆಳೆಯುವುದಿಲ್ಲ ಅಂತ ಗೊತ್ತಿದ್ದರೆ ಆ ಕಡೆ ಹೆಸರು ಮುಚ್ಚಿದ್ದರೂ ನಷ್ಟವಿಲ್ಲ. ಬರೀ ಆ ಪದ ಇನ್‌ಸ್ಟಾಗ್ರಾಂನಲ್ಲಿ ಸಿಗಲಿಲ್ಲ, ಹಿಂದೆ ಇನ್ನೊಂದು ಪದ ಸೇರಿಸಬೇಕಾಯಿತು. ಆಗ ಕೈ ತಾನಾಗಿಯೇ `_crochet` ಅಂತ ಟೈಪ್ ಮಾಡಿತು ನೋಡಿ! ಆರು ತಿಂಗಳ ಯೋಚನೆ ಒಂದು ಬಾಲದಲ್ಲಿ ಹಾಳಾಗುತ್ತಿತ್ತು. ಅಳಿಸಿ `_store` ಅಂತ ಹಾಕಿದೆ.

ಬದಲಾವಣೆಯ ಖರ್ಚನ್ನೂ ಹೇಳಿಬಿಡುತ್ತೇನೆ. ಹಳೆಯ ಹೆಸರು ಅಚ್ಚಾದ ಐನೂರು ಡಬ್ಬಿಯಲ್ಲಿ ಮುನ್ನೂರು ಚಿಲ್ಲರೆ ಅಟ್ಟದ ಮೇಲೆ ಉಳಿದವು. ಈಗ ಏನೂ ಅಚ್ಚಾಗದ ಡಬ್ಬಿಯನ್ನೇ ತರಿಸುತ್ತೇನೆ, ರಬ್ಬರ್ ಸ್ಟಾಂಪ್ ಒತ್ತುತ್ತೇನೆ. ಸ್ವಲ್ಪ ಓರೆಯಾಗಿ ಬಿದ್ದರೂ ಕೈಕೆಲಸದ ಅಂಗಡಿಗೆ ಅದು ಒಪ್ಪುತ್ತದೆ. ಹಳೆಯ ವೆಬ್ ವಿಳಾಸವನ್ನು ಮಾತ್ರ ಬಿಡಲಿಲ್ಲ. ಅಲ್ಲಿಗೆ ಬಂದವರು ತಾವಾಗಿಯೇ ಹೊಸದಕ್ಕೆ ಬರುವ ಹಾಗೆ 301 ರೀಡೈರೆಕ್ಟ್ ಹಾಕಿಸಿದೆ, ಹಳೆಯ ಒಂದೊಂದು ಪುಟಕ್ಕೂ ಹೊಸದರಲ್ಲಿ ಅದೇ ಪುಟ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ತೋರಣ ಹುಡುಕಿ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಕನಿಷ್ಠ ಒಂದು ವರ್ಷ ಹೀಗೆ ಇಡಿ ಅನ್ನುತ್ತದೆ ಗೂಗಲ್. ನಾನು ಅದಕ್ಕಿಂತ ಜಾಸ್ತಿ ಇಡುತ್ತೇನೆ, ಯಾಕೆಂದರೆ ಯಾರದೋ ಮನೆಯ ಬಾಗಿಲಲ್ಲಿ ನೇತಾಡುವ ತೋರಣದ ಟ್ಯಾಗಿನಲ್ಲಿ ಹಳೆಯ ವಿಳಾಸವೇ ಇದೆ.

ದಾರದುಂಡೆ ಅನ್ನುವ ಹೆಸರನ್ನೂ ಬಿಟ್ಟಿಲ್ಲ. ಅದೀಗ ಅಂಗೈಯೊಳಗೆ ಕ್ರೋಶಾ ವಸ್ತುಗಳ ವಿಭಾಗದ ಹೆಸರು. ಅಲ್ಲಿ ಅದಕ್ಕೆ ಅಳತೆ ಸರಿಹೋಗಿದೆ.

ಹೋದ ಸಂಕ್ರಾಂತಿಗೆ ಹುಬ್ಬಳ್ಳಿಯ ಅದೇ ನಂಬರಿನಿಂದ ಮತ್ತೆ ಮೆಸೇಜ್. "ಮೇಡಂ, ಹೆಸರು ಅಂಗೈ ಅಂತ ಮಾಡಿದ್ರಂತೆ. ಈಗ್ಲಾದ್ರೂ ಎಳ್ಳುಂಡೆ ಇಟ್ಟಿದೀರಾ?" ಇಲ್ಲ, ತಿನ್ನುವುದನ್ನು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಇನ್ನೂ ಮಾಡಿಸಿಲ್ಲ ಅಂತ ಬರೆದೆ. ಬರೆದು ಕಳಿಸಿದ ಮೇಲೆ ನೋಟ್‌ಬುಕ್ ತೆಗೆದು ಬಲಗಡೆಯ ಪಟ್ಟಿಯ ಕೊನೆಯಲ್ಲಿ ಎಳ್ಳು ಬೆಲ್ಲ ಅಂತ ಸೇರಿಸಿದೆ. ಅದನ್ನು ಹಾಕುವುದು ಅಂಗೈಯ ಮೇಲೇ ಅಲ್ವಾ.